ಅದು ಕಸ ಅಲ್ಲ, ಅಕ್ಷರ

"ಅಕ್ಕ, ಆ ಕಸ ಎಲ್ಲಾ ತೆಗೆದುಬಿಟ್ಟೆ. ಈಗ ಕ್ಲೀನಾಗಿದೆ."

ಮಂಗಳವಾರ ಸಂಜೆ ನಮ್ಮ ಡಿಟಿಪಿ ಹುಡುಗ ಪ್ರೂಫ್ ಕೈಗೆ ಕೊಡುತ್ತಾ ಹೇಳಿದ ಮಾತು ಇದು. ವಾರ ಮುಗಿಯುತ್ತಾ ಬಂದರೂ ನನ್ನ ಕಿವಿಯಿಂದ ಹೋಗಿಲ್ಲ.

ಅಗರಬತ್ತಿ ಡಬ್ಬದ ಕೆಲಸ. ಇಲ್ಲೇ ಮೈಸೂರಿನ ಯಜಮಾನರೊಬ್ಬರ ಮಾಲು ಇಂಗ್ಲೆಂಡ್, ಜರ್ಮನಿ, ಫ್ರಾನ್ಸ್‌ಗೆ ಹೋಗಬೇಕು. ಡಬ್ಬದ ಮುಂದೆ ಅವರ ಹಳೆಯ ಕನ್ನಡ ಸಾಲು ಹಾಗೇ ಇರಬೇಕು, ಹಿಂದೆ ಮೂರು ಭಾಷೆಯ ಸಾಲುಗಳು ಬರಬೇಕು. ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ ಕಳಿಸಿದ್ದರು. ಹುಡುಗನ ಪರದೆಯ ಮೇಲೆ ಅದು ಕಂಡಿದ್ದು ಹೀಗೆ:

```
£ÀªÀÄä ªÉÄÊ¸ÀÆgÀÄ
Incense sticks   £4.99
Räucherstäbchen   4,99 €
Darf nicht in die Hände von Kindern gelangen.
Bâtonnets d'encens   4,99 €
Tenir hors de portée des enfants.
```

ಅವನು ಕೊಟ್ಟ ಪ್ರೂಫಿನಲ್ಲಿ ಮೊದಲ ಸಾಲು ಅಂದವಾದ ಕನ್ನಡದಲ್ಲಿ "ನಮ್ಮ ಮೈಸೂರು" ಅಂತ ಇತ್ತು. ಉಳಿದ ಸಾಲುಗಳಲ್ಲಿ `Raucherstabchen`, `Hande`, `Batonnets`, `portee`. ಮೂರೂ ಕಡೆ ಬೆಲೆ ಬರೀ `4.99`. ಪೌಂಡೂ ಇಲ್ಲ, ಯೂರೋನೂ ಇಲ್ಲ.

ನನಗೆ ಸಿಟ್ಟು ಬಂತು ನಿಜ. ಆದರೆ ಅವನು ಸೋಮಾರಿ ಅಲ್ಲ. ನಮ್ಮಲ್ಲಿ ಅವನಷ್ಟು ಚುರುಕಾಗಿ ಪೇಜ್ ಕಟ್ಟುವವರು ಬೇರೆ ಯಾರೂ ಇಲ್ಲ. ಮೊದಲ ಸಾಲನ್ನು ಇನ್ನೊಮ್ಮೆ ನೋಡಿ. ಅದು ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಕನ್ನಡ. ಫಾಂಟ್ ಬಿಟ್ಟುಹೋದರೆ ಕನ್ನಡ ಕಾಣುವುದು ಹಾಗೇ ಅಲ್ವಾ? ಅದೇ £, ಅದೇ ä. ಅವನ ಕಣ್ಣಿಗೆ ಇಡೀ ಫೈಲೇ ಫಾಂಟ್ ಕಳೆದುಕೊಂಡ ಹಾಗೆ ಕಂಡಿದೆ.

ಇದರ ಬೇರು ಹಳೆಯದು. ಆಗಿನ ಫಾಂಟ್‌ಗಳಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ ಒಟ್ಟು 256 ಜಾಗ. ಮೊದಲ 128ರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು. ಮೇಲಿನ ಅರ್ಧದಲ್ಲಿ ಜರ್ಮನ್, ಫ್ರೆಂಚ್ ಮುಂತಾದ ಭಾಷೆಗಳ ಚುಕ್ಕಿ, ಗೀಟು ಇರುವ ಅಕ್ಷರಗಳು ಮತ್ತು £ ಥರದ ಗುರುತುಗಳು. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಆ ಮನೆಗಳಲ್ಲೇ ನಮ್ಮ ಅಕ್ಷರದ ತುಂಡುಗಳನ್ನು ಬರೆದು ಕೂರಿಸಿದರು. ನುಡಿಯಲ್ಲಿ `£À` ಅಂದರೆ ನ. `ä` ಅಂದರೆ ಮಕಾರದ ಒತ್ತು. ಜರ್ಮನ್ನಿನ `ß` ಇರುವ ಮನೆಯಲ್ಲಿ ನಕಾರದ ಒತ್ತು, ಫ್ರೆಂಚಿನ `é` ಇರುವ ಮನೆಯಲ್ಲಿ ವಕಾರದ ಒತ್ತು. ಕಂಪ್ಯೂಟರ್ ಉಳಿಸಿಕೊಳ್ಳುತ್ತಿದ್ದದ್ದು ಮಾತ್ರ £, ä, ß, é ಅಂತಲೇ. ಕನ್ನಡ ಕಾಣುತ್ತಿದ್ದದ್ದು ಫಾಂಟಿನ ದೆಸೆಯಿಂದ.

ಹುಡುಗ ಮೊದಲು ಎಲ್ಲಾ ಸಾಲುಗಳನ್ನೂ ನುಡಿಯನ್ನು ಯೂನಿಕೋಡ್ ಮಾಡುವ ಕನ್ವರ್ಟರಿಗೆ ಹಾಕಿದ್ದಾನೆ. ಮೊದಲ ಸಾಲು ಸರಿಯಾಗಿ ಕನ್ನಡವಾಯಿತು. ಉಳಿದ ಸಾಲುಗಳು ಓದಲಾಗದ ಹಾಗೆ ಬಂದವು. ಆಗ ಅವನ್ನು ಹಿಂದಕ್ಕೆ ತಂದು, ಇಂಗ್ಲಿಷ್ ಹಾಗೆ ಕಾಣುತ್ತೆ, ಮಧ್ಯೆ ಮಧ್ಯೆ ಎಲ್ಲಿಂದಲೋ ಗಲೀಜು ಸೇರಿಕೊಂಡಿದೆ ಅಂದುಕೊಂಡು ಒಂದೊಂದಾಗಿ ಅಳಿಸಿದ್ದಾನೆ. "ಅಲ್ಲ ಅಕ್ಕ, £ ಬಂದರೆ ನುಡಿ ಫೈಲು ಅಂತ ನೀವೇ ಎಲ್ಲರಿಗೂ ಹೇಳ್ತೀರಲ್ಲ?" ಅಂದ. ಹೌದು, ಈ ಊರಿನ ಯಾವ ಪ್ರೆಸ್ಸಿನಲ್ಲಿ ಕೇಳಿದರೂ ಅದನ್ನೇ ಹೇಳುತ್ತಾರೆ. ಕನ್ನಡ ಕೆಲಸದಲ್ಲಿ ಅದು ಬಹುಪಾಲು ನಿಜವೂ ಹೌದು.

ನನಗೆ ಬೇಜಾರಾಗಿದ್ದು ಯಜಮಾನರ ಮಾತಿನಿಂದ. ಫೋನ್ ಮಾಡಿ ಒಂದು ದಿನ ತಡ ಆಗುತ್ತೆ ಅಂದೆ. "ನಮಗೇ ಓದಕ್ಕೆ ಬರಲ್ಲ, ಎರಡು ಚುಕ್ಕಿ ಹೋದರೆ ಏನಾಯ್ತು ಬಿಡಿ ಮೇಡಂ" ಅಂದರು. ಗಂಧದ ವಿಷಯದಲ್ಲಿ ಎಳ್ಳಷ್ಟು ವ್ಯತ್ಯಾಸ ಸಹಿಸದ ಮನುಷ್ಯ ಅವರು. ಆದರೆ ಓದುವವರು ನಾವಲ್ಲ ತಾನೇ? ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಅನ್ನುವ ಸಾಲು ಅದು, ಅಲ್ಲಿನ ತಾಯಂದಿರು ಓದುತ್ತಾರೆ. ಸುಗಂಧದ ಎಣ್ಣೆಯಿಂದ ಚರ್ಮಕ್ಕೆ ಅಲರ್ಜಿ ಆಗಬಹುದು ಅಂತ ವರ್ಗೀಕರಿಸಿದ ಮಾಲಿಗೆ ಯುರೋಪ್ ಒಕ್ಕೂಟದ 1272/2008 ನಿಯಮ ಇದೆ. ಮಾರುವ ದೇಶದ ಆಡಳಿತ ಭಾಷೆಯಲ್ಲೇ ಎಚ್ಚರಿಕೆ ಇರಬೇಕು, ಅದರ ವಾಕ್ಯಗಳೂ ಗೊತ್ತುಮಾಡಿದಂಥವು. "ಮೈಸೂರು" ಅನ್ನುವುದರ ದೀರ್ಘ ತೆಗೆದು ಯಾರಾದರೂ ಡಬ್ಬದ ಮೇಲೆ ಹಾಕಿದರೆ ಇವರೇ ಸುಮ್ನೆ ಇರುತ್ತಿದ್ದರಾ?

ಬುಧವಾರ ಬೆಳಿಗ್ಗೆ ಹುಡುಗನ ಪಕ್ಕ ಕೂತು ಕೆಲಸ ಮತ್ತೆ ಶುರು ಮಾಡಿದೆವು. ಭಾಷೆ ಬರದವರು ಪದವನ್ನು ಓದಿ ಪ್ರೂಫ್ ನೋಡಲು ಆಗುವುದಿಲ್ಲ, ಗುರುತುಗಳನ್ನು ಎಣಿಸಿ ನೋಡಬೇಕು. ಮೂಲ ಫೈಲಿನ ವಿದೇಶಿ ಸಾಲುಗಳನ್ನು ಮಾತ್ರ ವರ್ಡ್‌ನ ಬೇರೆ ಪುಟಕ್ಕೆ ಕಾಪಿ ಮಾಡಿದೆವು. ಟೈಪ್ ಮಾಡಲಿಲ್ಲ, ಒಂದಕ್ಷರವನ್ನೂ. ಹುಡುಕುವ ಕಿಟಕಿಯಲ್ಲಿ ವೈಲ್ಡ್‌ಕಾರ್ಡ್ ಆನ್ ಮಾಡಿ `[!^1-^127]` ಅಂತ ಕೊಟ್ಟೆವು. ಆ ಮೊದಲ 128ರ ಗುಂಪಿಗೆ ಸೇರದ ಪ್ರತಿ ಅಕ್ಷರವನ್ನೂ ಇದು ಹಿಡಿದು ತೋರಿಸುತ್ತೆ. ಜರ್ಮನ್ನಿನಲ್ಲಿ ä ಮೂರು ಸಲ. ಫ್ರೆಂಚಿನಲ್ಲಿ â ಒಂದು, é ಒಂದು. £ ಒಂದು, € ಎರಡು. ಒಟ್ಟು ಎಂಟು. ಡಿಸೈನಿಗೆ ಅಂಟಿಸಿದ ಮೇಲೆ ಅಲ್ಲಿಂದ ಮತ್ತೆ ಕಾಪಿ ಮಾಡಿ ಎಣಿಸಿದರೂ ಅದೇ ಎಂಟು ಬರಬೇಕು, ಅದೇ ಪದಗಳಲ್ಲಿ ಬರಬೇಕು.

ಎರಡನೆಯ ಸಲವೂ ಒಟ್ಟು ಎಂಟೇ ಬಂತು, ಆದರೆ ä ಮೂರರ ಬದಲು ಎರಡೇ ಇತ್ತು! `Hände` ಕಣ್ಣಿಗೆ ಸರಿಯಾಗೇ ಇತ್ತು. ಆ ಒಂದು ಸಾಲನ್ನು ಹುಡುಗ ಖರೀದಿದಾರರು ಕಳಿಸಿದ್ದ ಹಳೆಯ ಪಿಡಿಎಫ್‌ನಿಂದ ತೆಗೆದುಕೊಂಡಿದ್ದ. ಅಕ್ಷರದ ಬಲಗಡೆ ಕರ್ಸರ್ ಇಟ್ಟು Alt+X ಒತ್ತಿದರೆ ವರ್ಡ್ ಅದರ ಸಂಖ್ಯೆ ತೋರಿಸುತ್ತೆ. ä ಆಗಿದ್ದರೆ 00E4 ಬರಬೇಕು, ಇಲ್ಲಿ 0308 ಬಂತು. ಅಂದರೆ ಬರೀ a, ಅದರ ಮೇಲೆ ಕೂರಿಸಿದ ಬೇರೆ ಎರಡು ಚುಕ್ಕಿ. ಎಣಿಕೆಯಲ್ಲಿ ä ಬದಲು ಸಿಕ್ಕಿದ್ದು ಆ ಚುಕ್ಕಿ. ಕೆಲವು ಫಾಂಟ್‌ಗಳಲ್ಲಿ ಆ ಚುಕ್ಕಿಗಳು ಪಕ್ಕಕ್ಕೆ ಸರಿದುಬಿಡುತ್ತವೆ. ಆ ಸಾಲನ್ನು ಮೂಲ ಫೈಲಿನಿಂದಲೇ ಹಾಕಿದ ಮೇಲೆ ä ಮೂರಕ್ಕೆ ಬಂತು. ಇದೆಲ್ಲವನ್ನೂ ಕರ್ವ್ ಮಾಡುವ ಮೊದಲೇ ಮುಗಿಸಬೇಕು. ಕರ್ವ್ ಆದ ಮೇಲೆ ಅಕ್ಷರ ಬರೀ ಚಿತ್ರ, ಹುಡುಕಿದರೆ ಸಿಗುವುದಿಲ್ಲ.

ಬೆಲೆಯ ಹತ್ತಿರ ಹುಡುಗ ಮತ್ತೆ ನಿಂತ. "ಇಲ್ಲಿ ಕಾಮಾ ಇದೆ, ಪಾಯಿಂಟ್ ಮಾಡ್ಲಾ? ಗುರುತು ಮುಂದಕ್ಕೆ ತರ್ಲಾ?" ಬೇಡ ಅಂದೆ. ನಮ್ಮ ₹ ಮುಂದೆ ಬರುತ್ತೆ, ಇಂಗ್ಲೆಂಡಿನ £ ಕೂಡ ಹಾಗೇ. ಜರ್ಮನಿ, ಫ್ರಾನ್ಸ್‌ನಲ್ಲಿ ಪೈಸೆಯ ಭಾಗಕ್ಕೆ ಮುಂಚೆ ಕಾಮಾ ಹಾಕುತ್ತಾರೆ, € ಕೊನೆಯಲ್ಲಿ, ನಡುವೆ ಒಂದು ಸ್ಪೇಸ್. ಆ ಸ್ಪೇಸ್ ಮಾತ್ರ ಸಾಲು ಮುರಿಯದಂಥದ್ದಾಗಿರಬೇಕು, ವರ್ಡ್‌ನಲ್ಲಿ Ctrl+Shift+Space. ಇಲ್ಲದಿದ್ದರೆ ಕಿರಿದಾದ ಡಬ್ಬದ ಮೇಲೆ € ಒಂದೇ ಕೆಳಗಿನ ಸಾಲಿಗೆ ಬಿದ್ದುಬಿಡುತ್ತೆ.

ಅವತ್ತಿನಿಂದ ನನ್ನ ತಲೆಯಲ್ಲಿ ಓಡುತ್ತಿರುವುದು ಆ "ಕಸ" ಅನ್ನುವ ಮಾತು. ಎಷ್ಟು ವರ್ಷ ನಾವು ನಮ್ಮ ಕನ್ನಡವನ್ನೇ ಈ ವೇಷದಲ್ಲಿ ನೋಡಿದೆವು. ಊರಿನ ಮದುವೆ ಪತ್ರಿಕೆ, ಶ್ರದ್ಧಾಂಜಲಿ, ವಾರ್ಷಿಕ ವರದಿ ಎಲ್ಲ ಇವತ್ತಿಗೂ ಹಳೆಯ ಡಿಸ್ಕುಗಳಲ್ಲಿ £ ಮತ್ತು À ಆಗಿಯೇ ಕೂತಿವೆ. ಯಾರದ್ದೋ ಅಕ್ಷರದ ಮನೆಯಲ್ಲಿ ನಮ್ಮ ಭಾಷೆ ಇಷ್ಟು ಕಾಲ ಬದುಕಿತು. ಆ ಮನೆಯವರ ಅಕ್ಷರ ಕಂಡಾಗ ನಮ್ಮ ಕೈ ಡಿಲೀಟ್ ಕೀಗೆ ಹೋಗುತ್ತೆ ಅನ್ನುವುದು ನನಗೆ ನೋವಾಗುತ್ತದೆ. ಯಾರಿಗೂ ಕಾಣದ ಹಾಗೆ ಅಳಿಸಿಹೋಗುವ ಅಕ್ಷರದ ಸಂಕಟ ಕನ್ನಡದವರಿಗಿಂತ ಜಾಸ್ತಿ ಯಾರಿಗೆ ಗೊತ್ತು?

ಗುರುವಾರ ಪ್ಲೇಟ್ ಹೋಯಿತು. ಯಜಮಾನರು ಮುಂದಿನ ಆರ್ಡರು ಪೋಲೆಂಡಿಗೆ ಅಂದಿದ್ದಾರೆ. ಅಲ್ಲಿನ ಅಗರಬತ್ತಿ `Kadzidełka`, ದುಡ್ಡು `zł`. ಗೀಟು ಎಳೆದ ಆ ł ನಮ್ಮ ಹಳೆಯ ಪೇಜ್‌ಮೇಕರಿನ 256 ಮನೆಗಳಲ್ಲಿ ಇಲ್ಲವೇ ಇಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಯೂನಿಕೋಡ್ ಅರಿಯದ ಸಾಫ್ಟ್‌ವೇರು ಅದು. ಈ ಕೆಲಸವನ್ನು ಅದರಲ್ಲಿ ಮುಟ್ಟಬೇಡ ಅಂತ ಹುಡುಗನಿಗೆ ಈಗಲೇ ಹೇಳಿಟ್ಟಿದ್ದೇನೆ. ಆ ಹಳೆಯ ಕನ್ನಡ ಸಾಲನ್ನೂ ಯೂನಿಕೋಡಿನಲ್ಲೇ ಕಳಿಸಿ ಅಂತ ಯಜಮಾನರನ್ನು ಕೇಳಿದ್ದೇನೆ.