ಅಂಚಿನ ಕಂದು, ನಡುವಿನ ಕಪ್ಪು

ರಾಯಚೂರಿನಲ್ಲಿರುವ ಅಕ್ಕನ ಮನೆಯ ಫಿಡಲ್ ಲೀಫ್ ಫಿಗ್ ಗಿಡಕ್ಕೆ ಒಂದಲ್ಲ, ಎರಡು ಬಗೆಯ ಕಲೆಗಳಿದ್ದವು. ಮೇಲಿನ ಎಲೆಗಳ ಅಂಚು ತಿಳಿ ಕಂದಾಗಿ ಒಣಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಕೆಳಗಿನ ಹಳೆಯ ಎಲೆಗಳಲ್ಲಿ ನಡುನರದ ಪಕ್ಕದಿಂದಲೇ ಕಡುಗಪ್ಪು ಮಚ್ಚೆಗಳು ಹೊರಟು ಹರಡುತ್ತಿದ್ದವು; ಅವು ಮೆತ್ತಗಿದ್ದವು.

"ನೀರು ಸಾಲದು ಅಂತ ದಿನಾ ಹಾಕುತ್ತಿದ್ದೇನೆ, ಆದರೂ ಹೀಗೆ" ಎಂದಳು ಅಕ್ಕ.

ಎಲೆಯ ಅಂಚು ನರಗಳ ಕೊನೆ. ನೀರು ಕಡಿಮೆಯಾದರೆ, ಗಾಳಿ ತೀರಾ ಒಣಗಿದರೆ, ಅಥವಾ ಬೋರ್‌ವೆಲ್ ನೀರಿನ ಉಪ್ಪು ಮಣ್ಣಿನಲ್ಲಿ ಸೇರುತ್ತಾ ಹೋದರೆ ಮೊದಲು ಸಾಯುವುದು ಆ ಭಾಗ. ಬೇರು ಕೊಳೆತರೆ ಕಲೆ ಕಪ್ಪಾಗಿ ಎಲೆಯ ಒಡಲಲ್ಲೂ ಏಳುತ್ತದೆ, ಸಾಮಾನ್ಯವಾಗಿ ಕೆಳಗಿನ ಎಲೆಗಳಿಂದ ಶುರುವಾಗುತ್ತದೆ. ಕೊಳೆತ ಕಲೆ ಅಂಚಿನಲ್ಲೂ ಕಾಣಿಸಬಹುದಾದ್ದರಿಂದ ಜಾಗವೊಂದನ್ನೇ ನಂಬಬಾರದು. ಬಣ್ಣ ಮತ್ತು ಮೆದುತನವನ್ನೂ ನೋಡಬೇಕು. ಬ್ಯಾಕ್ಟೀರಿಯಾದ ಗುಮಾನಿಯೂ ನನಗಿತ್ತು. ಆದರೆ ಅದರಲ್ಲಿ ಕಲೆಯ ಸುತ್ತ ಹಳದಿ ಬಳೆ ಇರುತ್ತದೆ, ಚಿಗುರೆಲೆಗಳೂ ಕೆಡುತ್ತವೆ. ಇಲ್ಲಿ ಎರಡೂ ಇರಲಿಲ್ಲ.

ಒಂದೇ ಗಿಡಕ್ಕೆ ಬಾಯಾರಿಕೆಯೂ ಕೊಳೆತವೂ ಹೇಗೆ? ಕುಂಡ ಬೋರಲು ಹಾಕಿದಾಗ ಗೊತ್ತಾಯಿತು: ಒಳಗಿದ್ದದ್ದು ಅಪ್ಪಟ ಎರೆಮಣ್ಣು. ಹತ್ತಿಗೆ, ಜೋಳಕ್ಕೆ ಅದು ಚಿನ್ನ. ಕುಂಡಕ್ಕೆ ಅಷ್ಟೇ ಕೆಟ್ಟದ್ದು. ಮೇ ತಿಂಗಳ ಬಿಸಿಲಿಗೆ ಅದು ಕುಗ್ಗಿ ಕುಂಡದ ಗೋಡೆಯಿಂದ ದೂರ ಸರಿದಿತ್ತು. ಹಾಕಿದ ನೀರೆಲ್ಲ ಆ ಬಿರುಕಿನಲ್ಲಿ ಜಾರಿ ತಟ್ಟೆ ಸೇರುತ್ತಿತ್ತು, ಬೇರಿನ ಮುದ್ದೆ ಒಣಗಿಯೇ ಇರುತ್ತಿತ್ತು. ಆಗ ಸುಟ್ಟದ್ದು ಅಂಚು. ಅದನ್ನು ನೋಡಿ ಅಕ್ಕ ನೀರು ಹೆಚ್ಚಿಸಿದಳು. ಮಣ್ಣು ಉಬ್ಬಿ ಬಿರುಕು ಮುಚ್ಚಿತು, ತಟ್ಟೆಯಲ್ಲಿ ನೀರು ನಿಂತೇ ಇತ್ತು, ಬೇರುಗಳಿಗೆ ಗಾಳಿ ಇಲ್ಲವಾಯಿತು. ತಳದ ಬೇರುಗಳು ಕಪ್ಪಾಗಿ, ಎಳೆದರೆ ಸಿಪ್ಪೆ ಕಳಚಿ ಕೈಗೆ ಬರುತ್ತಿದ್ದವು. ವಾಸನೆ ಹೇಳುವುದೇ ಬೇಡ. ಮೇಲಿನವು ಗಟ್ಟಿಯಾಗಿದ್ದವು.

ಕೊಳೆತದ್ದನ್ನು ಕತ್ತರಿಸಿ, ಕೆಂಪು ಮಣ್ಣು, ದಪ್ಪ ಮರಳು, ಕೊಕೊಪೀಟ್, ಸ್ವಲ್ಪ ಕಾಂಪೋಸ್ಟ್ ಬೆರೆಸಿ, ತೂತಿರುವ ಚಿಕ್ಕ ಕುಂಡದಲ್ಲಿ ನೆಟ್ಟೆವು. ಬೇರು ಕಡಿಮೆಯಾದ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಮಣ್ಣು ಒಣಗುವುದೇ ಇಲ್ಲ. ಮೇಲಿನ ಎರಡು ಅಂಗುಲ ಒಣಗಿದ ಮೇಲೆ, ತಳದಿಂದ ಹರಿಯುವಷ್ಟು ನೀರು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು.

ಆದ ಕಲೆ ಮಾಯುವುದಿಲ್ಲವಾದ್ದರಿಂದ ಅದರ ಸುತ್ತ ಪೆನ್ನಿನಿಂದ ಗೆರೆ ಎಳೆಯಲು ಹೇಳಿದೆ. ಗೆರೆ ದಾಟಿದರೆ ಕೊಳೆತ ಮುಂದುವರಿದಿದೆ ಎಂದರ್ಥ. ಕಪ್ಪು ಕಲೆಗಳು ದಾಟಲಿಲ್ಲ. ಅಂಚಿನ ಒಣಗು ಮಾತ್ರ ನಿಲ್ಲದ್ದಕ್ಕೆ ಕಾರಣ ಹುಡುಕಿದರೆ, ಫ್ಯಾನಿನ ಗಾಳಿ ನೇರವಾಗಿ ಗಿಡಕ್ಕೇ ಬೀಸುತ್ತಿತ್ತು. ಗಿಡವನ್ನು ಕಿಟಕಿಯ ಇನ್ನೊಂದು ಮಗ್ಗುಲಿಗೆ ಸರಿಸಿದೆವು.