ಡಿಬಿಯಲ್ಲಿ ಎರಡು 40: ಗುರುತಿಸುವ ಕೆಲಸ ಎಲ್ಲಿಗೆ ಬಂತು

ಕೆಲಸದ ಜಾಗ: ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆ, ಸಿಂಗಲ್ ಫೇಸ್, ಮಂಜೂರಾದ ಲೋಡ್ 5 ಕಿಲೋವ್ಯಾಟ್. ಕೆಲಸ: ಡಿಬಿಯಲ್ಲಿ, ಅಂದರೆ ಮನೆಯೊಳಗೆ ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ, ಯಾವ ಸ್ವಿಚ್ ಯಾವುದಕ್ಕೆ ಎಂದು ಗುರುತಿಸುವುದು. ಮೀಟರ್ ಬೋರ್ಡಿನಲ್ಲಿ 63 ಆಂಪಿಯರ್ ಎಂಸಿಬಿ ಇದೆ, ಅಂದರೆ ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್.

ಮೊದಲ ದಿನ: ಬಾಗಿಲು ತೆರೆದು ಓದಿದ್ದಷ್ಟೇ

ಒಳಗಿನ ಕವರ್ ಬಿಚ್ಚಿಲ್ಲ. ಎಡತುದಿಯಲ್ಲಿ ಎರಡು ಮಾಡ್ಯೂಲ್ ಅಗಲದ ಎರಡು ಸ್ವಿಚ್‌ಗಳಿವೆ, ಎರಡರ ಮೇಲೂ 40 ಎಂದಿದೆ. ನೋಡಿದರೆ ಅವಳಿಜವಳಿ, ಕೆಲಸ ಮಾತ್ರ ಬೇರೆ ಬೇರೆ.

ಮೊದಲನೆಯದರಲ್ಲಿ 40ರ ಹಿಂದೆ ಬಿ, ಸಿ, ಡಿ ಯಾವ ಅಕ್ಷರವೂ ಇಲ್ಲ. ಎಂಸಿಬಿ ಮೇಲೆ ಚೌಕಟ್ಟಿನೊಳಗೆ ಕಾಣುವ 6000 ಅಥವಾ 10000 ಕೂಡ ಇಲ್ಲ. ಹಾಗಾದರೆ ಅದು ಐಸೊಲೇಟರ್. ಕೈಯಿಂದ ಆಫ್ ಮಾಡಬೇಕೇ ಹೊರತು ತಾನಾಗಿ ಎಂದೂ ಟ್ರಿಪ್ ಆಗದು. ಎರಡನೆಯದರಲ್ಲಿ ‘ಟಿ’ ಗುಂಡಿ ಮತ್ತು 0.03 ಎ ಎಂಬ ಗುರುತು ಇವೆ, ಅಂದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಇದು ಕರೆಂಟ್ ಸೋರಿಕೆಗೆ ಬೀಳುತ್ತದೆ, ಓವರ್‌ಲೋಡಿಗೆ ಬೀಳುವುದಿಲ್ಲ.

ಎರಡರಲ್ಲೂ 40 ಎಂದರೆ ‘ಇಷ್ಟು ಹೊರಬಲ್ಲೆ’ ಎಂದರ್ಥ, ‘ಇದು ದಾಟಿದರೆ ಕಡಿಯುತ್ತೇನೆ’ ಎಂದಲ್ಲ. ಕಡಿಯುವ ಮಾತು ಎಂಸಿಬಿಯದು. ಸಿ16ರಲ್ಲಿ 16 ಎಂದರೆ ಆಂಪಿಯರಿನ ರೇಟಿಂಗ್, ‘ಸಿ’ ಎಂದರೆ ರೇಟಿಂಗಿನ 5ರಿಂದ 10 ಪಟ್ಟು ಕರೆಂಟ್ ಹರಿದಾಗ ತಕ್ಷಣ ಬೀಳುವ ವರ್ಗ. ಬಿ ಆದರೆ 3ರಿಂದ 5 ಪಟ್ಟು.

ಎರಡನೇ ದಿನ: ಒಂದೊಂದೇ ಆಫ್ ಮಾಡಿ ಪಟ್ಟಿ

ಎಸಿ ಸಿ20, ಗೀಸರ್, ಅಡುಗೆಮನೆ, ಹಾಲ್ ಪ್ಲಗ್‌ಗಳು ತಲಾ ಸಿ16. 2000 ವ್ಯಾಟಿನ ಗೀಸರ್ ಎಳೆಯುವುದು ಸುಮಾರು 8.7 ಆಂಪಿಯರ್, ಹಾಗಾಗಿ ಅದು ಸರಿಯಿದೆ. ಲೈಟು-ಫ್ಯಾನಿಗೆ ಮಾತ್ರ ಸಿ32! ಪದೇ ಪದೇ ಬೀಳುತ್ತಿದ್ದುದಕ್ಕೆ ಯಾರೋ ದೊಡ್ಡದು ಹಾಕಿ ಕೈತೊಳೆದುಕೊಂಡಂತಿದೆ.

ಮೂರನೇ ದಿನ: ಕವರ್ ತೆಗೆದದ್ದು

ಐಸೊಲೇಟರ್ ಆಫ್ ಮಾಡಿದರೂ ಅದಕ್ಕೆ ಬರುವ ತಂತಿ ಜೀವಂತವಾಗಿಯೇ ಇರುತ್ತದೆ. ಆದ್ದರಿಂದ ಮೀಟರ್ ಬಳಿಯ ಎಂಸಿಬಿ ಇಳಿಸಿ, ಟೆಸ್ಟರ್ ಹಾಗೂ ಮಲ್ಟಿಮೀಟರ್ ಎರಡರಲ್ಲೂ ನೋಡಿದ ಮೇಲೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ಬಿಚ್ಚಿಸಿದ್ದು.

ಲೈಟಿನ ತಂತಿ 1.5 ಚದರ ಮಿ.ಮೀ. ಎಂಸಿಬಿ ತನ್ನ ರೇಟಿಂಗಿನ 1.13 ಪಟ್ಟಿಗೆ ಒಂದು ಗಂಟೆ ಬೀಳಬಾರದು ಎಂಬುದೇ ನಿಯಮ. ಅಂದರೆ ಸಿ32 ಇದ್ದಾಗ 36 ಆಂಪಿಯರ್ ಹರಿದರೂ ಸುಮ್ಮನಿರುತ್ತದೆ, ಅಷ್ಟರಲ್ಲಿ ಆ ತಂತಿಯ ಇನ್ಸುಲೇಶನ್ ಸುಟ್ಟಿರುತ್ತದೆ. ಟರ್ಮಿನಲ್ ಪಕ್ಕದ ಅರ್ಧ ಇಂಚು ಆಗಲೇ ಕಂದುಬಣ್ಣಕ್ಕೆ ತಿರುಗಿ ಗಡುಸಾಗಿತ್ತು. ಅಷ್ಟನ್ನು ಕತ್ತರಿಸಿ ಸಿ10 ಹಾಕಿಸಲಾಗಿದೆ.

ಇನ್ನೊಂದು ಲೋಪ ಕಣ್ಣಿಗೆ ಕಾಣುವಂಥದ್ದಲ್ಲ. ಕೆಳಗಿನ ಎಂಸಿಬಿಗಳ ಮೊತ್ತ ಈಗ 78 ಆಂಪಿಯರ್, ಮೇಲಿರುವುದು 63. ನಡುವಿನ 40ರ ಆರ್‌ಸಿಸಿಬಿಯನ್ನು ಓವರ್‌ಲೋಡಿನಿಂದ ಕಾಯುವವರೇ ಇಲ್ಲ. ಐಸೊಲೇಟರ್ ಜಾಗಕ್ಕೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸಿ32 ಎಂಸಿಬಿ ಬಂದರೆ ಸಾಕು. 5 ಕಿಲೋವ್ಯಾಟಿಗೆ ಬೇಕಾಗುವುದು ಸುಮಾರು 22 ಆಂಪಿಯರ್ ಮಾತ್ರ.

ಬಾಕಿ: ಆ ಡಬಲ್ ಪೋಲ್ ಎಂಸಿಬಿ. ಲೈಟಿನ ಸಾಲಿನಲ್ಲಿ ಸಿ10 ಮತ್ತೆ ಬಿದ್ದರೆ ಇಸ್ತ್ರಿಪೆಟ್ಟಿಗೆಗೆ ಅಲ್ಲಿಂದ ಎಳೆದ ಪ್ಲಗ್ ಇದೆಯೇ ಎಂದು ಹುಡುಕಬೇಕು.