ಜೋಡಿ ಇಳಿಜಾರು: ದಿಮ್ಮಿ ಕದಲುವ ಎರಡು ತೂಕಗಳು

ಎಡಕ್ಕೆ 30°, ಬಲಕ್ಕೆ 45° ಇಳಿಜಾರಿರುವ ಮರದ ಚೌಕಟ್ಟು ಕಳೆದ ವಾರವೇ ಸಿದ್ಧವಾಗಿತ್ತು. ಈ ವಾರ ಅದರ ನೆತ್ತಿಗೆ ಹಗುರವಾದ ರಾಟೆಯನ್ನು ಕೂರಿಸಿ, ಅದರ ಮೇಲೆ ಹಾಯ್ದ ದಾರದ ಎರಡು ತುದಿಗಳಿಗೂ ಒಂದೊಂದು ಮರದ ದಿಮ್ಮಿಯನ್ನು ಕಟ್ಟಿದೆ. ಎಡ ದಿಮ್ಮಿಯ ತೂಕವನ್ನು 400 ಗ್ರಾಂಗೆ ನಿಲ್ಲಿಸಿ, ಬಲ ದಿಮ್ಮಿಯ ಮೇಲೆ ಮಾತ್ರ ತೂಕದ ಬಿಲ್ಲೆಗಳನ್ನು ಹೆಚ್ಚು ಕಡಿಮೆ ಮಾಡಿದೆ.

ಘರ್ಷಣೆಯೇ ಇಲ್ಲದಿದ್ದರೆ m₁ sin 30° = m₂ sin 45° ಆದಾಗ, ಅಂದರೆ ಬಲಕ್ಕೆ ಸುಮಾರು 283 ಗ್ರಾಂ ಇದ್ದಾಗ ಮಾತ್ರ ಸಮತೋಲ ಸಿಗಬೇಕು. ಆದರೆ 220 ಗ್ರಾಂ ಇಟ್ಟರೂ 350 ಗ್ರಾಂ ಇಟ್ಟರೂ ದಿಮ್ಮಿಗಳು ಮಿಸುಕಲಿಲ್ಲ. ಯಾವ ಕಡೆಗೆ ಜಾರಲು ಹವಣಿಸುತ್ತವೆಯೋ ಅದಕ್ಕೆ ಎದುರಾಗಿ ಎರಡೂ ದಿಮ್ಮಿಗಳಡಿಯಲ್ಲಿ ಘರ್ಷಣೆ ನಿಲ್ಲುವುದರಿಂದ, ಅದರ ದಿಕ್ಕನ್ನು ಮೊದಲೇ ಊಹಿಸಿ ಲೆಕ್ಕಕ್ಕೆ ಇಳಿಯುವಂತಿಲ್ಲ. ಹಾಗಾಗಿ ಎರಡು ಅಂಚುಗಳನ್ನೂ ಬೇರೆ ಬೇರೆಯಾಗಿ ಹುಡುಕಿದೆ. ಪ್ರತಿ ಬಾರಿ 10 ಗ್ರಾಂ ಸೇರಿಸುತ್ತ ಹೋದಾಗ 460 ಗ್ರಾಂಗೆ ಬಲ ದಿಮ್ಮಿ ಕೆಳಗೆ ಜಾರಿತು. ಕಳೆಯುತ್ತ ಬಂದಾಗ 150 ಗ್ರಾಂಗೆ ಅದು ಮೇಲಕ್ಕೆ ಎಳೆಯಲ್ಪಟ್ಟಿತು.

ಘರ್ಷಣಾ ಗುಣಾಂಕವನ್ನು μ ಎಂದುಕೊಂಡರೆ, ಬಲ ದಿಮ್ಮಿ ಕೆಳಗೆ ಜಾರುವ ಅಂಚಿಗೆ ಸಮೀಕರಣ ಇದು:

m₂ (sin 45° − μ cos 45°) = m₁ (sin 30° + μ cos 30°)

ಇನ್ನೊಂದು ಅಂಚಿಗೆ μ ಇರುವ ಎರಡೂ ಪದಗಳ ಚಿಹ್ನೆಗಳು ತಿರುಗುತ್ತವೆ. ಮೇಲಿನ ಅಂಚು μ = 0.19 ಎಂದರೆ ಕೆಳಗಿನದು 0.21 ಎಂದಿತು. ಅದೇ ಮರ, ಅದೇ ದಿಮ್ಮಿಗಳು. ಈ ವ್ಯತ್ಯಾಸ ನನಗೆ ಒಪ್ಪಿಗೆಯಾಗಲಿಲ್ಲ. ಬಗ್ಗಿ ಪಕ್ಕದಿಂದ ದಿಟ್ಟಿಸಿದಾಗ ಕಾರಣ ಕಂಡಿತು. ಬಲ ದಿಮ್ಮಿಯ ಕೊಕ್ಕೆ ತೀರ ಕೆಳಗಿದ್ದು, ದಾರ ಇಳಿಜಾರಿಗೆ ಸಮಾಂತರವಾಗಿರದೆ ಸುಮಾರು 10° ಮೇಲಕ್ಕೆದ್ದಿತ್ತು. ಹೀಗೆ ಎದ್ದ ದಾರ ದಿಮ್ಮಿಯನ್ನು ಎಳೆಯುವುದರ ಜೊತೆಗೆ ಒಂದಿಷ್ಟು ಎತ್ತುತ್ತದೆ ಕೂಡ. ಹಲಗೆಯ ಮೇಲಿನ ಒತ್ತಡ ತಗ್ಗಿ ಘರ್ಷಣೆಯೂ ತಗ್ಗುತ್ತದೆ, ಇಳಿಜಾರಿನ ಗುಂಟ ಸಿಗುವ ಎಳೆತವೂ ತುಸು ಕಡಿಮೆಯಾಗುತ್ತದೆ. ಮೇಲಿನ ಅಂಚಿನಲ್ಲಿ ದಾರದ ಬಿಗಿತ ಕೆಳಗಿನ ಅಂಚಿನಲ್ಲಿರುವುದರ ಎರಡು ಪಟ್ಟಿಗೂ ಹೆಚ್ಚಾದ್ದರಿಂದ ತಪ್ಪು ಅಲ್ಲಿಯೇ ಎದ್ದು ಕಂಡಿತು.

ಕೊಕ್ಕೆಯನ್ನು ರಾಟೆಯ ಅಂಚಿನ ಮಟ್ಟಕ್ಕೆ ಏರಿಸಿ ಮತ್ತೆ ಅಳೆದೆ. ಕೆಳಗಿನ ಅಂಚು 150 ಗ್ರಾಂನಲ್ಲೇ ಉಳಿಯಿತು, ಮೇಲಿನದು 480ಕ್ಕೆ ಸರಿಯಿತು. ಈಗ μ ಕ್ರಮವಾಗಿ 0.208 ಮತ್ತು 0.203, 10 ಗ್ರಾಂ ಹೆಜ್ಜೆಗೆ ಇಷ್ಟು ಹೊಂದಿಕೆ ಸಾಕು. ಎರಡು ಅಂಚುಗಳ ಸರಾಸರಿ 315 ಗ್ರಾಂ ಆಗುತ್ತದೆಯೇ ಹೊರತು 283 ಅಲ್ಲ ಎಂಬುದನ್ನೂ ಗುರುತು ಹಾಕಿಕೊಂಡೆ, ಏಕೆಂದರೆ ನಡುಬಿಂದುವನ್ನೇ ಘರ್ಷಣೆಯಿಲ್ಲದ ಸಮತೋಲವೆಂದು ಹಿಡಿಯುವ ಯೋಚನೆ ನನಗೂ ಮೊದಲು ಬಂದಿತ್ತು.

ಕೊನೆಗೆ ಬಲಕ್ಕೆ 550 ಗ್ರಾಂ ಇಟ್ಟು ಬಿಟ್ಟೆ. 40 ಸೆಂ.ಮೀ. ಜಾರಲು 1.04 ಸೆಕೆಂಡು ಹಿಡಿಯಿತು, ವೇಗೋತ್ಕರ್ಷ 0.74 ಮೀ/ಸೆ², ಅದರಿಂದ ಚಲಿಸುವಾಗಿನ μ ಸುಮಾರು 0.16. ರಾಟೆಯ ಅಚ್ಚಿನ ಘರ್ಷಣೆಯೂ ಈ ಅಂಕಿಗಳೊಳಗೆ ಸೇರಿಕೊಂಡಿದೆ. ಅದನ್ನು ಬೇರ್ಪಡಿಸಲು, ಅದೇ ರಾಟೆಯಲ್ಲಿ ಎರಡು ಸಮ ತೂಕಗಳನ್ನು ನೇರವಾಗಿ ತೂಗುಬಿಟ್ಟು, ಎಷ್ಟು ಹೆಚ್ಚುವರಿ ತೂಕಕ್ಕೆ ಅವು ಕದಲುತ್ತವೆ ಎಂದು ಮುಂದಿನ ವಾರ ಅಳೆಯುತ್ತೇನೆ.